ಏಳನೇ ವರ್ಷದ ಮೈನಸ್: ಓವರ್‌ಹಾಲ್ ಬಂದರೆ ಲೆಕ್ಕ ಕೆಡುತ್ತದೆಯೇ?

ಪ್ರಶ್ನೆ: ಸರ್, ಹಾವೇರಿ ಜಿಲ್ಲೆಯಲ್ಲಿ ನಮ್ಮದು ಮೆಕ್ಕೆಜೋಳದ ಸ್ಟಾರ್ಚ್ ಕಾರ್ಖಾನೆ. ತ್ಯಾಜ್ಯ ನೀರಿನಿಂದ ಬಯೋಗ್ಯಾಸ್ ತೆಗೆದು 500 ಕಿಲೋವ್ಯಾಟ್ ಗ್ಯಾಸ್ ಎಂಜಿನ್ ಓಡಿಸಬೇಕು ಅಂತಿದ್ದೇವೆ. ಬಂಡವಾಳ 600 ಲಕ್ಷ, ಕರೆಂಟ್ ಬಿಲ್ಲಿನಲ್ಲಿ ಖರ್ಚು ಕಳೆದು ಉಳಿಯೋದು ವರ್ಷಕ್ಕೆ 140 ಲಕ್ಷ, 13 ವರ್ಷದ ಅಂದಾಜು. ಏಳನೇ ವರ್ಷ ಮೇಜರ್ ಓವರ್‌ಹಾಲ್‌ಗೆ 180 ಲಕ್ಷ, ಎಂಜಿನ್ ಒಂದು ತಿಂಗಳು ನಿಲ್ಲೋದರಿಂದ 20 ಲಕ್ಷ ನಷ್ಟ. ಹಾಗಾಗಿ ಆ ವರ್ಷ ಮೈನಸ್ 60. ಮಧ್ಯೆ ಮೈನಸ್ ಬಂದರೆ ಐಆರ್‌ಆರ್ ನಂಬಬಾರದು ಅಂತಾರೆ ಸ್ನೇಹಿತರೊಬ್ಬರು. ಆ ಖರ್ಚನ್ನು ಏಳು ವರ್ಷಕ್ಕೆ ಹಂಚಿಬಿಡಿ ಅಂತಾರೆ ಆಡಿಟರ್. 420 ಲಕ್ಷ ಸಾಲ, 7 ವರ್ಷ, 11% ಬಡ್ಡಿ ಅಂತ ಬ್ಯಾಂಕಿನವರ ಜೊತೆ ಮಾತಾಗಿದೆ, ಆದರೆ ಆ ಮೈನಸ್ ನೋಡಿ ಅವರು ಹಿಂದೇಟು ಹಾಕ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ:

ಮೊದಲು ಸ್ನೇಹಿತರ ಮಾತು ಮುಗಿಸೋಣ, ಅದು ಬೇಗ ಮುಗಿಯುತ್ತದೆ. ಅವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಹಣದ ಹರಿವು ಮೈನಸ್, ಪ್ಲಸ್, ಮತ್ತೆ ಮೈನಸ್, ಮತ್ತೆ ಪ್ಲಸ್ ಅಂತ ಹೊರಳಿದರೆ ಒಂದಕ್ಕಿಂತ ಹೆಚ್ಚು ಐಆರ್‌ಆರ್, ಅಂದರೆ ಹಾಕಿದ ಹಣಕ್ಕೆ ವರ್ಷಕ್ಕೆ ಸಿಗುವ ಪ್ರತಿಫಲದ ದರ, ಬರುವ ಸಾಧ್ಯತೆ ಇರುತ್ತದೆ. ಸಾಧ್ಯತೆ ಅಷ್ಟೇ, ಬಂದೇ ಬರುತ್ತದೆ ಅಂತಲ್ಲ. ಪಾಠಗಳಲ್ಲಿ ಬರುವ ಹಳೆಯ ತೈಲ ಪಂಪಿನ ಉದಾಹರಣೆ ಹೀಗಿದೆ: ಈಗ 1,600 ಹಾಕುತ್ತೀರಿ, ಒಂದು ವರ್ಷಕ್ಕೆ 10,000 ಬರುತ್ತದೆ, ಎರಡನೇ ವರ್ಷ 10,000 ಹೋಗುತ್ತದೆ. ಇದಕ್ಕೆ 25% ಕೂಡ ಉತ್ತರ, 400% ಕೂಡ ಉತ್ತರ. ಎರಡೂ ಸರಿ, ಎರಡೂ ನಿರುಪಯೋಗಿ. ಆದರೆ ಅಲ್ಲಿ ಕೊನೆಗೆ ಹೋದ ಹಣ ಮೊದಲು ಹಾಕಿದ್ದರ ಆರು ಪಟ್ಟು. ನಿಮ್ಮಲ್ಲಿ ಹೋಗುವುದು ಹತ್ತನೇ ಒಂದು ಪಾಲು, ಅದೂ ನಡುವೆ, ಆಮೇಲೆ ಇನ್ನೂ ಆರು ವರ್ಷ ಹಣ ಬರುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಪಕ್ಕದ ಕಾಲಮ್‌ನಲ್ಲಿ ವರ್ಷ ವರ್ಷದ ಮೊತ್ತವನ್ನು ಕೂಡುತ್ತಾ ಹೋಗಿ. ನಿಮ್ಮದು ಮೈನಸ್ 600ರಿಂದ ಶುರುವಾಗುತ್ತದೆ. ನಾಲ್ಕನೇ ವರ್ಷದ ಕೊನೆಗೆ ಮೈನಸ್ 40, ಐದನೇ ವರ್ಷ ಪ್ಲಸ್ 100, ಆರನೇ ವರ್ಷ ಪ್ಲಸ್ 240. ಏಳನೇ ವರ್ಷ 60 ಹೋದರೂ ಪ್ಲಸ್ 180 ಉಳಿಯುತ್ತದೆ, ಮತ್ತೆ ಏರುತ್ತದೆ. ಅಂದರೆ ಕೂಡಿದ ಮೊತ್ತ ಮೈನಸ್‌ನಿಂದ ಪ್ಲಸ್‌ಗೆ ಒಂದೇ ಸಲ ದಾಟಿತು, ಹಿಂದಕ್ಕೆ ಬರಲಿಲ್ಲ. ಹಾಗಿದ್ದಾಗ ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ ಇರುತ್ತದೆ. ಇದು ಗಣಿತದಲ್ಲಿ ಸಾಬೀತಾದ ಮಾತು. ಏಳನೇ ವರ್ಷ ಮೈನಸ್ 240 ದಾಟಿದ್ದರೆ ಈ ಭರವಸೆ ಹೋಗುತ್ತಿತ್ತು. ಆಗಲೂ ಎರಡು ಉತ್ತರ ಬರಲೇಬೇಕು ಅಂತಿಲ್ಲ, ಬೇರೆ ಬೇರೆ ದರ ಹಾಕಿ ಎನ್‌ಪಿವಿ, ಅಂದರೆ ಎಲ್ಲ ವರ್ಷದ ಹಣವನ್ನು ಇವತ್ತಿನ ಬೆಲೆಗೆ ಇಳಿಸಿ ಕೂಡಿದ ಮೊತ್ತ, ಎಲ್ಲೆಲ್ಲಿ ಸೊನ್ನೆ ಆಗುತ್ತದೆ ಅಂತ ನೋಡಬೇಕಾಗುತ್ತಿತ್ತು.

ವರ್ಷ ಸೊನ್ನೆಯ ಮೊತ್ತ `B2`ನಲ್ಲಿ, ಹದಿಮೂರನೇ ವರ್ಷದ್ದು `B15`ನಲ್ಲಿ ಇದ್ದರೆ ಇಷ್ಟು ಸಾಕು:

```
=IRR(B2:B15)
=NPV(12%,B3:B15)+B2
=SUM(B$2:B2)
```

ಮೂರನೆಯದನ್ನು `C2`ನಲ್ಲಿ ಬರೆದು ಕೆಳಗೆ ಎಳೆಯಿರಿ. ಎರಡನೆಯದರಲ್ಲಿ `B2` ಹೊರಗೆ ಯಾಕಿದೆ ಅಂದರೆ, `NPV` ತನಗೆ ಕೊಟ್ಟ ಮೊದಲ ಮೊತ್ತವನ್ನೇ ಒಂದು ವರ್ಷ ಹಿಂದಕ್ಕೆ ಇಳಿಸುತ್ತದೆ. ಬಂಡವಾಳವನ್ನು ಒಳಗೆ ಸೇರಿಸಿಬಿಟ್ಟರೆ ಇಡೀ ಲೆಕ್ಕ ಒಂದು ವರ್ಷ ಜಾರುತ್ತದೆ. ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ನನಗೆ ಜಾಸ್ತಿ ಸಿಗುವ ತಪ್ಪು ಇದೇ.

ನೀವು ಕೊಟ್ಟ ಅಂಕಿಗೆ ಐಆರ್‌ಆರ್ ಸುಮಾರು 19%, 12% ದರದಲ್ಲಿ ಎನ್‌ಪಿವಿ ಸುಮಾರು 209 ಲಕ್ಷ. ಓವರ್‌ಹಾಲ್ ಅನ್ನೇ ಮರೆತಿದ್ದರೆ 21.5% ಮತ್ತು 299 ಲಕ್ಷ ಬರುತ್ತಿತ್ತು. ಮೆಷಿನ್ ಮಾರುವವರು ಕೊಡುವ ಶೀಟಿನಲ್ಲಿ ಸಾಮಾನ್ಯವಾಗಿ ಈ ಎರಡನೇ ಸಂಖ್ಯೆ ಇರುತ್ತದೆ. ಹಾಗಾಗಿ ನಿಮ್ಮ ಶೀಟಿನಲ್ಲಿ ಮೈನಸ್ ಕಾಣುತ್ತಿರುವುದು ಒಳ್ಳೆಯದೇ. ನನ್ನ ತಕರಾರು ಬೇರೆ. ಆ ಮೈನಸ್ 60 ಅನ್ನೋ ಅಂಕಿಯೇ ಕಡಿಮೆ ಇದೆ.

180 ಲಕ್ಷ ಎಲ್ಲಿಂದ ಬಂತು? ಎಂಜಿನ್ ಕಂಪನಿಯ ಇವತ್ತಿನ ಕೊಟೇಶನ್ ಇರಬೇಕು, ಅಲ್ವಾ? ಅದನ್ನು ಹಾಗೇ ಏಳನೇ ವರ್ಷದ ಮನೆಯಲ್ಲಿ ಕೂರಿಸಿದ್ದೀರಿ. ಆದರೆ ಲೆಕ್ಕಕ್ಕೆ ನಾನು ಹಿಡಿದ 12% ದರದಲ್ಲಿ ಬೆಲೆ ಏರಿಕೆ ಆಗಲೇ ಸೇರಿದೆ. ಬ್ಯಾಂಕಿನ 11% ಬಡ್ಡಿಯಲ್ಲೂ ಸೇರಿದೆ. ಇವತ್ತಿನ ಬೆಲೆಯ ಖರ್ಚನ್ನು ನಾಳಿನ ಬೆಲೆಯ ದರದಿಂದ ಇಳಿಸಿದರೆ ಖರ್ಚು ಎರಡು ಸಲ ಕರಗುತ್ತದೆ. ವರ್ಷಕ್ಕೆ 6% ಏರಿಕೆ ಹಿಡಿಯಿರಿ. ಏಳು ವರ್ಷಕ್ಕೆ ಒಂದೂವರೆ ಪಟ್ಟು ಆಗುತ್ತದೆ. 180 ಹೋಗಿ 270 ಆಯಿತು. ಬಿಡಿಭಾಗ ಯುರೋದಲ್ಲಿ ಬರುವ ಎಂಜಿನ್ ಆದರೆ ರೂಪಾಯಿಯ ಇಳಿಕೆಯೂ ಸೇರುತ್ತದೆ, 6% ಅತಿ ಅನ್ನಿಸುವುದಿಲ್ಲ.

ಉಳಿತಾಯವೂ ಏರುತ್ತದಲ್ಲ, ಕರೆಂಟ್ ದರ ಏರುತ್ತದಲ್ಲ ಅಂತ ಕೇಳಬಹುದು. ಏರಬಹುದು. ಆದರೆ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಕೆಮಿಕಲ್, ಆಳಿನ ಸಂಬಳವೂ ಏರುತ್ತವೆ. ನಿಮ್ಮ 140 ಅನ್ನು ನಾನು ಹಾಗೇ ಬಿಡುತ್ತೇನೆ, ಬ್ಯಾಂಕಿನ ಮುಂದೆ ಸ್ವಲ್ಪ ಬಿಗಿಯಾದ ಲೆಕ್ಕವೇ ಮೇಲು. ಈಗ ಏಳನೇ ವರ್ಷ 140ರಲ್ಲಿ 20 ನಷ್ಟ, 270 ಖರ್ಚು: ಮೈನಸ್ 150. ಕೂಡಿದ ಮೊತ್ತ ಆಗಲೂ ಪ್ಲಸ್ 90, ಐಆರ್‌ಆರ್ ಇನ್ನೂ ಒಂದೇ. ಅದು 17.8% ಆಗುತ್ತದೆ, ಎನ್‌ಪಿವಿ 168 ಲಕ್ಷ. ಯೋಜನೆ ಈಗಲೂ ಚೆನ್ನಾಗಿಯೇ ಇದೆ. ಇಲ್ಲಿಂದ ಮುಂದೆ ಈ ಮೈನಸ್ 150 ಹಿಡಿದೇ ಮಾತಾಡೋಣ.

ಏಳನೇ ವರ್ಷವೇ ಯಾಕೆ ಅನ್ನೋದನ್ನೂ ನೋಡಿ. ಎಂಜಿನ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಗಂಟೆ ಮೀಟರ್ ಮಾತ್ರ ಗೊತ್ತು. ಈ ವರ್ಗದ ಹಲವು ಗ್ಯಾಸ್ ಎಂಜಿನ್‌ಗಳಿಗೆ ಮೇಜರ್ ಓವರ್‌ಹಾಲ್ 60,000 ಗಂಟೆಗೆ ಬರುತ್ತದೆ. ವರ್ಷಕ್ಕೆ 8,500 ಗಂಟೆ ಓಡಿಸಿದರೆ ಏಳು ವರ್ಷಕ್ಕೆ ಅಲ್ಲಿಗೆ ಮುಟ್ಟುತ್ತೀರಿ. ಮೆಕ್ಕೆಜೋಳ ಸಿಗದೆ ಕಾರ್ಖಾನೆ ಕೆಲವು ತಿಂಗಳು ಕುಂಟಿದರೆ, 6,500 ಗಂಟೆ ಓಡಿದರೆ, ಓವರ್‌ಹಾಲ್ ಒಂಬತ್ತನೇ ವರ್ಷ ದಾಟುತ್ತದೆ. ಆದರೆ ಆಗ ಉಳಿತಾಯವೂ 140 ಇರುವುದಿಲ್ಲ. ಉಳಿತಾಯ ಇಳಿಸಿ ಓವರ್‌ಹಾಲ್ ಮಾತ್ರ ಏಳರಲ್ಲೇ ಬಿಡುವುದು, ಅಥವಾ ಉಳಿತಾಯ ಹಾಗೇ ಇಟ್ಟು ಓವರ್‌ಹಾಲ್ ಒಂಬತ್ತಕ್ಕೆ ತಳ್ಳುವುದು, ಎರಡೂ ಮೋಸದ ಲೆಕ್ಕ. ಗಂಟೆಗಳನ್ನು ಒಂದು ಸೆಲ್‌ನಲ್ಲಿ ಇಟ್ಟು, ಉಳಿತಾಯ ಮತ್ತು ಓವರ್‌ಹಾಲ್ ವರ್ಷ ಎರಡೂ ಅದರಿಂದಲೇ ಬರುವಂತೆ ಮಾಡಿ.

ಬಯೋಗ್ಯಾಸ್‌ನಲ್ಲಿ ಮತ್ತೊಂದು ಕಾಟ ಇದೆ, ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆಯ ಆ ಗ್ಯಾಸ್ ಎಂಜಿನ್ ಒಳಗೆ ಸುಟ್ಟು, ನೀರಿನ ಅಂಶದ ಜೊತೆ ಸೇರಿ ಆಮ್ಲ ಆಗುತ್ತದೆ. ಆಯಿಲ್‌ನಲ್ಲಿರುವ ಕ್ಷಾರ ಅದನ್ನು ತಡೆಯುತ್ತದೆ, ಆ ಕ್ಷಾರ ಮುಗಿದ ಮೇಲೆ ಬೇರಿಂಗ್ ತಿನ್ನಲು ಶುರು ಮಾಡುತ್ತದೆ. ನಾನು ನೋಡಿದ ಒಂದು ಘಟಕದಲ್ಲಿ ಅದನ್ನು ಬಯೋಗ್ಯಾಸ್‌ನಿಂದ ತೆಗೆಯುವ ಸ್ಕ್ರಬ್ಬರ್ ಎರಡು ತಿಂಗಳು ಸರಿಯಾಗಿ ಕೆಲಸ ಮಾಡಿರಲಿಲ್ಲ. ಆಪರೇಟರ್ ಹುಡುಗ ಆಯಿಲ್ ರಿಪೋರ್ಟ್‌ಗಳನ್ನು ಒಂದರ ಮೇಲೊಂದು ಪಂಚ್ ಮಾಡಿ ಫೈಲ್‌ಗೆ ಹಾಕಿದ್ದ, ಅಷ್ಟೇ, ಯಾರೂ ಓದಿರಲಿಲ್ಲ. ನಾನು ಆ ಮೂರು ಹಾಳೆ ಪಕ್ಕಪಕ್ಕ ಇಟ್ಟೆ. ಕ್ಷಾರ ಎಷ್ಟು ಉಳಿದಿದೆ ಅಂತ ಹೇಳುವ ಟಿಬಿಎನ್ ಅನ್ನೋ ಸಾಲಿನಲ್ಲಿ ಅಂಕಿ ಪ್ರತಿ ಸಲ ಇಳಿದಿತ್ತು, ತಾಮ್ರ ಮತ್ತು ಸೀಸದ ಸಾಲಿನಲ್ಲಿ ಏರಿತ್ತು. ತಾಮ್ರ, ಸೀಸ ಬೇರಿಂಗ್‌ನಿಂದ ಬರುತ್ತವೆ. ಆ ಎಂಜಿನ್ ಬಿಚ್ಚಬೇಕಾದದ್ದು ಮೀಟರ್‌ನಲ್ಲಿ 60,000 ಬರುವುದಕ್ಕೆ ಬಹಳ ಮೊದಲೇ. ಹಾಗಾಗಿ ಶೀಟಿನಲ್ಲಿ ಓವರ್‌ಹಾಲ್ ಅನ್ನು ಐದನೇ ವರ್ಷಕ್ಕೆ ಎಳೆದೂ ಒಮ್ಮೆ ನೋಡಿ. ಅಲ್ಲಿ ಕೂಡಿದ ಮೊತ್ತ ಇನ್ನೂ ಸೊನ್ನೆಯ ಹತ್ತಿರವೇ ಇರುತ್ತದೆ, ಕೈಯಲ್ಲಿ ಹಣ ಇರುವುದಿಲ್ಲ. ಆ ಲೆಕ್ಕ ಕೊಡುವ ನೋವಿನ ಮುಂದೆ ಐಆರ್‌ಆರ್ ಎಷ್ಟು ಅನ್ನೋದು ಸಣ್ಣ ವಿಷಯ.

ಈಗ ಆಡಿಟರ್ ಮಾತು. 270 ಲಕ್ಷವನ್ನು ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 38.6 ಲಕ್ಷ. ಶೀಟ್ ಸಪಾಟಾಗಿ, ಮೈನಸ್ ಇಲ್ಲದೆ ಕಾಣುತ್ತದೆ. ಆದರೆ ಎನ್‌ಪಿವಿ 168ರಿಂದ 114 ಲಕ್ಷಕ್ಕೆ ಬೀಳುತ್ತದೆ. ಏಳನೇ ವರ್ಷ ಕೊಡುವ ಹಣವನ್ನು ಮೊದಲ ವರ್ಷದಿಂದಲೇ ಕೊಟ್ಟಂತೆ ಲೆಕ್ಕ ಹಾಕಿದಿರಿ, 54 ಲಕ್ಷ ಸುಮ್ನೆ ಕಳೆದುಕೊಂಡಿರಿ. ಹಣದ ಹರಿವಿನ ಶೀಟಿನಲ್ಲಿ ಹಣ ಯಾವಾಗ ಕೈಬಿಟ್ಟು ಹೋಗುತ್ತದೋ ಆ ವರ್ಷದಲ್ಲೇ ಇರಬೇಕು.

ಲೆಕ್ಕಪತ್ರದಲ್ಲೂ ಮುಂದೆ ಬರುವ ಓವರ್‌ಹಾಲ್‌ಗೆ ಈಗಲೇ ಪ್ರಾವಿಷನ್ ಮಾಡುವಂತಿಲ್ಲ. ಯಾಕೆಂದರೆ ಅದು ಇನ್ನೂ ನಿಮ್ಮ ಮೇಲಿನ ಬಾಧ್ಯತೆ ಅಲ್ಲ, ಎಂಜಿನ್ ಮಾರಿಬಿಟ್ಟರೆ ಆ ಖರ್ಚೇ ಇಲ್ಲ. ಮಾಡಿದ ದಿನ ಅದನ್ನು ಆಸ್ತಿಗೆ ಸೇರಿಸಿ, ಮುಂದಿನ ಓವರ್‌ಹಾಲ್ ವರೆಗೆ ಸವಕಳಿ ಹಾಕುತ್ತಾರೆ. ನಿಮ್ಮ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಬಹುಶಃ ಅವರು ಹೇಳಿದ್ದು ಲಾಭ-ನಷ್ಟದ ಪಟ್ಟಿಯಲ್ಲಿ ಹಂಚುವ ಮಾತು, ಅಥವಾ ಪ್ರತಿವರ್ಷ ಸ್ವಲ್ಪ ಹಣ ತೆಗೆದಿಡಿ ಅನ್ನೋ ಮಾತು. ತೆಗೆದಿಡುವುದು ಬುದ್ಧಿವಂತಿಕೆಯೇ. ಆದರೆ ಅದು ಖರ್ಚಲ್ಲ, ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು ಅಷ್ಟೇ. ಯೋಜನೆಯ ಐಆರ್‌ಆರ್ ಶೀಟಿನಲ್ಲಿ ಅದು ಬರಬಾರದು. ಸಾಲದ ಶೀಟಿನಲ್ಲಿ ಬರಬೇಕು.

ನಿಮ್ಮ ನಿಜವಾದ ಸಮಸ್ಯೆ ಇರುವುದೂ ಆ ಸಾಲದ ಶೀಟಿನಲ್ಲೇ. ಬ್ಯಾಂಕಿನವರು ಹಿಂದೇಟು ಹಾಕುವುದು ಸರಿಯಾಗಿಯೇ ಇದೆ. 420 ಲಕ್ಷವನ್ನು ಏಳು ವರ್ಷಕ್ಕೆ ಸಮನಾಗಿ ತೀರಿಸುವುದಾದರೆ ವರ್ಷಕ್ಕೆ ಅಸಲು 60. ಮೊದಲ ವರ್ಷ ಬಡ್ಡಿ 46, ಒಟ್ಟು 106. 140 ಬಂದು 106 ಹೋದರೆ ಡಿಎಸ್‌ಸಿಆರ್, ಅಂದರೆ ಬರುವ ಹಣ ಕಂತು-ಬಡ್ಡಿಯ ಎಷ್ಟು ಪಟ್ಟು ಅನ್ನೋ ಅಳತೆ, 1.32. ಪರವಾಗಿಲ್ಲ. ಬಡ್ಡಿ ಇಳಿಯುತ್ತಾ ಹೋದಂತೆ ಕೈಯಲ್ಲಿ ಉಳಿಯುವುದು ಏರುತ್ತದೆ. ಮೊದಲ ವರ್ಷ 34 ಲಕ್ಷ, ಆರನೇ ವರ್ಷ 67 ಲಕ್ಷ. ಆಮೇಲೆ ಏಳನೇ ವರ್ಷ ಮೈನಸ್ 150, ಅದರ ಮೇಲೆ ಕೊನೆಯ ಕಂತು ಮತ್ತು ಬಡ್ಡಿ 67. ಒಟ್ಟು 217 ಲಕ್ಷ ಎಲ್ಲಿಂದಲಾದರೂ ತರಬೇಕು. ಸಾಲದ ಕೊನೆಯ ವರ್ಷವೂ ಓವರ್‌ಹಾಲ್ ವರ್ಷವೂ ಒಂದೇ ದಿನ ಮದುವೆ ಇಟ್ಟುಕೊಂಡಂತೆ ಡಿಕ್ಕಿ ಹೊಡೆಯುತ್ತಿವೆ.

ಹಣ ಇಲ್ಲ ಅಂತಲ್ಲ, ಗಮನಿಸಿ. ಆರು ವರ್ಷದಲ್ಲಿ ಕಂತು ಕಟ್ಟಿ ಉಳಿದದ್ದು ಒಟ್ಟು 302 ಲಕ್ಷ. ಬೇಕಾದದ್ದು 217. ಸಮಸ್ಯೆ ಏನೆಂದರೆ ಆ 302 ಅಷ್ಟು ಹೊತ್ತಿಗೆ ಕಾರ್ಖಾನೆಯ ಇನ್ಯಾವುದೋ ಶೆಡ್ಡಿಗೋ, ಮೆಕ್ಕೆಜೋಳದ ಸ್ಟಾಕಿಗೋ, ಮನೆಯ ಕಾರ್ಯಕ್ಕೋ ಹೋಗಿರುತ್ತದೆ. ಬಯೋಗ್ಯಾಸ್ ಉಳಿತಾಯ ಕೈಗೆ ನೋಟಾಗಿ ಬರುವುದಿಲ್ಲ, ಕರೆಂಟ್ ಬಿಲ್ಲು ಕಡಿಮೆ ಆಗುವ ರೂಪದಲ್ಲಿ ಬರುತ್ತದೆ. ಹಾಗಾಗಿ ಅದು ಕರಗಿದ್ದೇ ಗೊತ್ತಾಗುವುದಿಲ್ಲ.

ಬ್ಯಾಂಕಿನ ಮುಂದೆ ಎರಡು ವಿಷಯ ಇಡಿ. ಒಂದು, ಏಳನೇ ವರ್ಷದ ಅಸಲು ಬೇಡ, ಬಡ್ಡಿ ಮಾತ್ರ ಕಟ್ಟುತ್ತೇವೆ, ಆ 60 ಲಕ್ಷವನ್ನು ಎಂಟನೇ ವರ್ಷ ಕಟ್ಟುತ್ತೇವೆ ಅನ್ನಿ. ಎಂಟನೇ ವರ್ಷ 140 ಬರುತ್ತದೆ, ಅವರ ಕಂತು 67, ಎರಡು ಪಟ್ಟಿಗಿಂತ ಜಾಸ್ತಿ ರಕ್ಷಣೆ ಇದೆ. ಮಂಜೂರಾತಿಗೆ ಮೊದಲು ಕೇಳಿದರೆ ಇದು ಬರೀ ಕಂತಿನ ಪಟ್ಟಿ. ಆರು ವರ್ಷ ಆದ ಮೇಲೆ ಕೇಳಿದರೆ ಅದನ್ನೇ ಮರುಹೊಂದಾಣಿಕೆ ಅಂತ ನೋಡುತ್ತಾರೆ, ನಿಮ್ಮ ಖಾತೆಗೆ ಮಸಿ. ಹೀಗೆ ಮಾಡಿದರೆ ಏಳನೇ ವರ್ಷ ಬೇಕಾಗುವುದು 217ರಿಂದ 157 ಲಕ್ಷಕ್ಕೆ ಇಳಿಯುತ್ತದೆ.

ಎರಡು, ಆ 157 ಲಕ್ಷಕ್ಕೆ ಬ್ಯಾಂಕಿನ ಹಕ್ಕಿರುವ ಪ್ರತ್ಯೇಕ ಠೇವಣಿ. ಓವರ್‌ಹಾಲ್ ಮೀಸಲು ಅಂತ ಹೆಸರಿಟ್ಟು, ಅದಕ್ಕೆ ಬಿಟ್ಟು ಬೇರೆಯದಕ್ಕೆ ತೆಗೆಯುವಂತಿಲ್ಲ ಅಂತ ಕರಾರಿನಲ್ಲೇ ಬರೆಸಿ. ಇಲ್ಲಿ ಸಲಹೆಗಾರರು ಹೇಳುವ ಅಚ್ಚುಕಟ್ಟು ದಾರಿ ಗಂಟೆಗೆ ಇಷ್ಟು ಅಂತ ಇಡುವುದು. 270 ಲಕ್ಷಕ್ಕೆ 60,000 ಗಂಟೆ ಅಂದರೆ ಗಂಟೆಗೆ 450 ರೂಪಾಯಿ. ಎಂಜಿನ್ ಸರಾಸರಿ 400 ಕಿಲೋವ್ಯಾಟ್‌ನಲ್ಲಿ ಓಡಿದರೆ ಯೂನಿಟ್‌ಗೆ ಸುಮಾರು 1 ರೂಪಾಯಿ 12 ಪೈಸೆ. ನಿಮ್ಮ ಬಯೋಗ್ಯಾಸ್ ಕರೆಂಟಿನ ನಿಜವಾದ ಬೆಲೆಯಲ್ಲಿ ಇಷ್ಟು ಓವರ್‌ಹಾಲ್‌ಗೇ ಹೋಗುತ್ತದೆ ಅಂತ ತಿಳಿಯಲು ಇದು ಒಳ್ಳೆಯ ಅಳತೆ. ಆದರೆ ಕಟ್ಟಲು ಆಗುವುದಿಲ್ಲ. ವರ್ಷಕ್ಕೆ 38 ಲಕ್ಷ ಆಗುತ್ತದೆ, ಮೊದಲ ವರ್ಷ ನಿಮ್ಮ ಕೈಯಲ್ಲಿ ಉಳಿಯುವುದೇ 34. ಡಿಎಸ್‌ಸಿಆರ್ ಒಂದಕ್ಕಿಂತ ಕೆಳಗೆ ಹೋಗಿ ಮೊದಲ ವರ್ಷವೇ ಕರಾರು ಮುರಿದಂತಾಗುತ್ತದೆ.

ಹಾಗಾಗಿ ಮೊದಲ ಮೂರು ವರ್ಷ ತಲಾ 15 ಲಕ್ಷ, ಆಮೇಲಿನ ಮೂರು ವರ್ಷ ತಲಾ 37 ಲಕ್ಷ ಇಡಿ. ಒಟ್ಟು 156 ಲಕ್ಷ. ಠೇವಣಿಯ ಬಡ್ಡಿ ಸೇರಿ 157 ದಾಟಿ ಒಂದಿಷ್ಟು ಕೈಗೂ ಉಳಿಯುತ್ತದೆ. ಮೀಸಲು ತೆಗೆದ ಮೇಲೂ ಆ ಆರು ವರ್ಷದಲ್ಲಿ ಡಿಎಸ್‌ಸಿಆರ್ 1.17ಕ್ಕಿಂತ ಕೆಳಗೆ ಹೋಗುವುದಿಲ್ಲ. ಬ್ಯಾಂಕಿನವರಿಗೆ ಇನ್ನೂ ಬಿಗಿ ಬೇಕು ಅಂದರೆ ಸಾಲದ ಅವಧಿ ಒಂದು ವರ್ಷ ಉದ್ದ ಮಾಡಿ ಅಂತ ಕೇಳಿ, ಮೀಸಲನ್ನು ಮಾತ್ರ ಕಡಿಮೆ ಮಾಡಬೇಡಿ. ಈ ಲೆಕ್ಕವೆಲ್ಲ ಆದಾಯ ತೆರಿಗೆಗೆ ಮೊದಲಿನದು. ನಿಮ್ಮ ತೆರಿಗೆ ಇಡೀ ಕಾರ್ಖಾನೆಯ ಲಾಭದ ಮೇಲೆ ನಿಂತಿರುವುದರಿಂದ ಅದನ್ನು ಆಡಿಟರ್ ಜೊತೆ ಕೂತು ಸೇರಿಸಿ. ಓವರ್‌ಹಾಲ್ ಆ ವರ್ಷದ ರಿಪೇರಿ ಖರ್ಚಾಗಿ ಪೂರ್ತಿ ಕಳೆಯುತ್ತದೋ, ಬಂಡವಾಳವಾಗಿ ಸವಕಳಿಗೆ ಹೋಗುತ್ತದೋ ಅನ್ನೋದರ ಮೇಲೆ ಏಳನೇ ವರ್ಷದ ತೆರಿಗೆ ಸಾಕಷ್ಟು ಬದಲಾಗುತ್ತದೆ.

ಯಾರೋ ಎಂಐಆರ್‌ಆರ್ ಹಾಕಿ ಅಂತಲೂ ಹೇಳಿಯಾರು. 12% ಹಿಡಿದು ಹಾಕಿದರೆ ನಿಮಗೆ ಸುಮಾರು 14% ಬರುತ್ತದೆ. 17.8 ಎಲ್ಲಿ, 14 ಎಲ್ಲಿ ಅಂತ ಗಾಬರಿ ಬೇಡ. ಆ ಇಳಿಕೆಗೆ ಓವರ್‌ಹಾಲ್ ಕಾರಣ ಅಲ್ಲ. ಬಂದ ಹಣವನ್ನು ಮತ್ತೆ 12%ಕ್ಕೆ ಮಾತ್ರ ಹೂಡುತ್ತೀರಿ ಅಂತ ಅದು ಹಿಡಿಯುವುದು ಕಾರಣ. ಓವರ್‌ಹಾಲ್ ಇಲ್ಲದ ಶೀಟಿಗೂ ಹಾಕಿ ನೋಡಿ, 21.5 ಇದ್ದದ್ದು 15.5ಕ್ಕೆ ಇಳಿಯುತ್ತದೆ.

ಕೊನೆಯ ವಿಷಯ ಇದು, ಶೀಟಿನಲ್ಲಿ ಯಾರೂ ಬರೆಯದೇ ಬಿಡುವಂಥದ್ದು. ಇವತ್ತು ಹಾಕುವ 600 ಲಕ್ಷ ತಪ್ಪಿಸುವಂತಿಲ್ಲ. ಏಳನೇ ವರ್ಷದ 270 ಲಕ್ಷ ಹಾಗಲ್ಲ. ಅದು ಆಗ ನೀವು ಹೊಸದಾಗಿ ಮಾಡುವ ತೀರ್ಮಾನ. ಆವತ್ತಿನ ದಿನ ನಿಂತು ನೋಡಿದರೆ, 270 ಖರ್ಚು ಮತ್ತು 20 ನಷ್ಟ ಸೇರಿ 290 ಕೊಟ್ಟು ಮುಂದಿನ ಆರು ವರ್ಷದ 140ಗಳನ್ನು ಕೊಳ್ಳುತ್ತಿದ್ದೀರಿ. 12%ಕ್ಕೆ ಇಳಿಸಿದರೆ ಆ ಆರು ವರ್ಷದ ಬೆಲೆ 576 ಲಕ್ಷ. ಕಣ್ಣು ಮುಚ್ಚಿ ಮಾಡಬಹುದು. ಮೂರೇ ವರ್ಷ ಓಡಿಸುತ್ತೀರಿ ಅಂದರೆ 336, ಇನ್ನೂ ಲಾಭವೇ. ಎರಡು ವರ್ಷ ಅಂದರೆ 237, ಆಗ ಎಂಜಿನ್ ಬಿಚ್ಚದೆ ಇದ್ದಂತೆ ಮಾರಿಬಿಡುವುದು ಒಳ್ಳೆಯದು. ಕಾರ್ಖಾನೆ ಜಾಗ ಬದಲಾಗುವುದಿದ್ದರೆ, ತ್ಯಾಜ್ಯ ನೀರು ಕಡಿಮೆ ಆಗುವುದಿದ್ದರೆ ಇದನ್ನು ಮರೆಯಬೇಡಿ.

ಇದೇ ಮಾತು 13 ವರ್ಷ ಅನ್ನೋ ನಿಮ್ಮ ಅವಧಿಗೂ ಅನ್ವಯ. ಎರಡನೇ ಓವರ್‌ಹಾಲ್ ಹದಿನಾಲ್ಕನೇ ವರ್ಷದ ಹೊತ್ತಿಗೆ ಬರುತ್ತದೆ. ನೀವು ಅದಕ್ಕೆ ಒಂದು ವರ್ಷ ಮೊದಲು ಶೀಟ್ ನಿಲ್ಲಿಸಿದ್ದು ಸರಿ, ಆದರೆ ಕಾಕತಾಳೀಯ ಅನ್ನಿಸುತ್ತಿದೆ. ಬ್ಯಾಂಕಿನವರು ಸಂಖ್ಯೆ ಚೆಂದ ಮಾಡಲು 15 ವರ್ಷಕ್ಕೆ ಎಳೆಯಿರಿ ಅಂದರೆ ಎರಡು ವರ್ಷದ 140 ಸೇರಿಸುವ ಮೊದಲು ಹದಿನಾಲ್ಕರಲ್ಲಿ ಇನ್ನೊಂದು ಓವರ್‌ಹಾಲ್ ಹಾಕಿ. ಆಗಿನ ಬೆಲೆಯಲ್ಲಿ ಅದು 400 ಲಕ್ಷ ದಾಟುತ್ತದೆ. ಅದಾದ ಮೇಲೆ ಒಂದೇ ವರ್ಷ ಉಳಿಯುವುದರಿಂದ ನಿಮ್ಮ ಶೀಟು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಮೊದಲು ಮಾಡಬೇಕಾದ ಕೆಲಸ ಫೋನ್ ಮಾಡುವುದು. ಆ 180 ಲಕ್ಷದಲ್ಲಿ ಏನೇನು ಸೇರಿದೆ ಅಂತ ಎಂಜಿನ್ ಕಂಪನಿಯ ಸರ್ವಿಸ್‌ನವರನ್ನು ಬರವಣಿಗೆಯಲ್ಲಿ ಕೇಳಿ. ಪಿಸ್ಟನ್, ಲೈನರ್, ಬೇರಿಂಗ್ ಇರುತ್ತವೆ. ಟರ್ಬೋ ಇದೆಯೇ? ಸಿಲಿಂಡರ್ ಹೆಡ್‌ಗಳು ಅರ್ಧ ದಾರಿಯಲ್ಲೇ ಒಮ್ಮೆ ಬದಲಾಗುತ್ತವಾ, ಆಗಿದ್ದರೆ ಆ ಖರ್ಚು ನಾಲ್ಕನೇ ವರ್ಷದ 140ರಲ್ಲಿ ಕಳೆದಿದೆಯೇ? ಕ್ರ್ಯಾಂಕ್‌ಶಾಫ್ಟ್ ಅಳೆದಾಗ ಸವೆದಿದ್ದರೆ ಯಾರ ತಲೆಗೆ? ಗ್ಯಾಸ್ ಹೋಲ್ಡರ್‌ನ ಮೆಂಬ್ರೇನ್ ಈ ಮೊತ್ತದಲ್ಲಿ ಇದೆಯೇ? ಅದು ಗಂಟೆಗಲ್ಲ, ಬಿಸಿಲಿಗೆ ಹಾಳಾಗುವಂಥದ್ದು, ಎಂಜಿನ್ ಓಡದಿದ್ದರೂ ಬದಲಿಸಬೇಕಾಗುತ್ತದೆ. ಜೊತೆಗೆ, ಓವರ್‌ಹಾಲ್ ಮಾಡಿದ ಬದಲಿ ಎಂಜಿನ್ ತಂದು ಕೂರಿಸಿ ನಿಮ್ಮದನ್ನು ಒಯ್ಯುವ ವ್ಯವಸ್ಥೆ ಇದೆಯೇ ಅಂತಲೂ ಕೇಳಿ. ಇದ್ದರೆ ಒಂದು ತಿಂಗಳ ನಿಲುಗಡೆ ಕೆಲವು ದಿನಕ್ಕೆ ಇಳಿಯುತ್ತದೆ, ಆ 20 ಲಕ್ಷದಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಉತ್ತರ ಬಂದ ಮೇಲೆ ಶೀಟಿನಲ್ಲಿ ಏಳನೇ ವರ್ಷದ ಸಾಲನ್ನು ತಿದ್ದಿ, ಆಮೇಲೆ ಬ್ಯಾಂಕಿಗೆ ಹೋಗಿ.